ಪೇಪರ್ ಹಾಕುವ ಮೊದಲು: ವೇರಿಯಬಲ್ ಪೇ ವಿಷಯದಲ್ಲಿ ನನ್ನ ಅನುಭವ

2019ರಲ್ಲಿ ನಾನು ಒಂದು ಸಾಫ್ಟ್‌ವೇರ್ ಕಂಪನಿ ಬಿಟ್ಟಾಗ ₹1,60,000 ವೇರಿಯಬಲ್ ಪೇ ಕಳೆದುಕೊಂಡೆ, ಅಂದರೆ ವರ್ಷದ ಸಾಧನೆ ನೋಡಿ ಫಿಕ್ಸೆಡ್ ಸಂಬಳದ ಮೇಲೆ ಕೊಡುವ ಹಣ. ಇಡೀ ವರ್ಷ ಕೆಲಸ ಮಾಡಿದ್ದೆ, ರೇಟಿಂಗ್ ಚೆನ್ನಾಗಿತ್ತು. ಹಣ ಕೊಡುವ ದಿನ ನಾನಿನ್ನೂ ಅದೇ ಕಂಪನಿಯ ಉದ್ಯೋಗಿಯಾಗಿದ್ದೆ. ಆದರೂ ಬರಲಿಲ್ಲ.

ಅಲ್ಲಿ ಲೆಕ್ಕದ ವರ್ಷ ಏಪ್ರಿಲ್‌ನಿಂದ ಮಾರ್ಚ್. ವೇರಿಯಬಲ್ ಪೇ ಬರುತ್ತಿದ್ದದ್ದು ಜೂನ್ ಸಂಬಳದ ಜೊತೆ. ನನ್ನ ಆಫರ್ ಲೆಟರ್‌ನಲ್ಲಿ ಇದ್ದದ್ದು ಇಷ್ಟೇ: ಪಾವತಿಯ ದಿನ ಉದ್ಯೋಗಿ ಕಂಪನಿಯ ರೋಲ್ಸ್‌ನಲ್ಲಿ, ಅಂದರೆ ಉದ್ಯೋಗಿಗಳ ಪಟ್ಟಿಯಲ್ಲಿ, ಇರಬೇಕು, ಉಳಿದದ್ದು ಕಂಪನಿಯ ಪಾಲಿಸಿಯಂತೆ. ನಾನು ಮೊದಲ ಅರ್ಧ ಮಾತ್ರ ಓದಿದೆ. ಮೇ 20ಕ್ಕೆ ರಾಜೀನಾಮೆ ಕೊಟ್ಟೆ. 60 ದಿನದ ನೋಟಿಸ್, ಅಂದರೆ ಜುಲೈ 18ರ ತನಕ ಕೆಲಸ. ಜೂನ್ ಕೊನೆಗೆ ರೋಲ್ಸ್‌ನಲ್ಲಿ ಇದ್ದೇ ಇರುತ್ತೇನೆ ಅಲ್ವಾ ಅಂತ ನಿಶ್ಚಿಂತೆಯಿಂದ ಇದ್ದೆ.

ಜೂನ್ ಸಂಬಳದಲ್ಲಿ ವೇರಿಯಬಲ್ ಕಾಣಲಿಲ್ಲ. ಫೈನಲ್ ಸೆಟ್ಲ್‌ಮೆಂಟ್‌ನಲ್ಲಿ ಬರಬಹುದು ಅಂದುಕೊಂಡೆ. ಆ ಹಾಳೆಯಲ್ಲಿ ವೇರಿಯಬಲ್‌ನ ಮುಂದೆ ಸೊನ್ನೆ ಇತ್ತು. ಎಚ್‌ಆರ್‌ ಅವರನ್ನು ಕೇಳಿದಾಗ ಪಾಲಿಸಿಯ ಒಂದು ಸಾಲು ತೋರಿಸಿದರು: ಪಾವತಿಯ ದಿನ ಉದ್ಯೋಗಿ ರೋಲ್ಸ್‌ನಲ್ಲಿ ಇರಬೇಕು, ಮತ್ತು ರಾಜೀನಾಮೆ ಕೊಟ್ಟಿರಬಾರದು. ಆ ‘ಮತ್ತು’ವಿನ ಆಚೆ ಇದ್ದದ್ದನ್ನು ನಾನು ನೋಡಿಯೇ ಇರಲಿಲ್ಲ.

ಈ ಎರಡು ಷರತ್ತು ಒಂದೇ ಅಂತ ತುಂಬ ಜನ ತಿಳಿದುಕೊಳ್ಳುತ್ತಾರೆ. ಅಲ್ಲ. ‘ರೋಲ್ಸ್‌ನಲ್ಲಿ ಇರಬೇಕು’ ಅಂತ ಮಾತ್ರ ಇದ್ದರೆ ಲಾಸ್ಟ್ ವರ್ಕಿಂಗ್ ಡೇ ಪಾವತಿಯ ದಿನದ ನಂತರ ಬಿದ್ದರೆ ಸಾಕು. ನೋಟಿಸ್‌ನಲ್ಲಿ ಇದ್ದುಕೊಂಡೇ ಹಣ ಪಡೆಯಬಹುದು. ‘ನೋಟಿಸ್‌ನಲ್ಲಿ ಇರಬಾರದು’ ಅಂತಲೂ ಇದ್ದರೆ ಹಣ ಬರುವವರೆಗೆ ಪೇಪರ್ ಹಾಕುವಂತೆಯೇ ಇಲ್ಲ. ನೋಟಿಸ್ 90 ದಿನ ಇರುವ ಕಂಪನಿಯಲ್ಲಿ ಈ ಒಂದು ಸಾಲಿನಿಂದ ಹೊರಗೆ ಹೋಗುವ ದಿನ ಮೂರು ತಿಂಗಳು ಆಚೀಚೆ ಆಗುತ್ತದೆ.

2023ರಲ್ಲಿ ಮತ್ತೆ ಅದೇ ಸನ್ನಿವೇಶ ಬಂತು, ಬೇರೆ ಕಂಪನಿಯಲ್ಲಿ. ಆಗ ನನ್ನ ಸಿಟಿಸಿ 18 ಲಕ್ಷ. ಅದರಲ್ಲಿ 15.3 ಲಕ್ಷ ಫಿಕ್ಸೆಡ್, 2.7 ಲಕ್ಷ ವೇರಿಯಬಲ್. ಏಪ್ರಿಲ್ ಕೊನೆಗೆ ಹೊಸ ಆಫರ್ ಕೈಗೆ ಬಂತು: ಫಿಕ್ಸೆಡ್ 21 ಲಕ್ಷ, ವೇರಿಯಬಲ್ 3 ಲಕ್ಷ. ನನ್ನ ನೋಟಿಸ್ 90 ದಿನ. ಈ ಸಲ ರಾಜೀನಾಮೆಯ ಮೇಲ್ ಬರೆಯುವ ಮೊದಲು ಒಂದು ವಾರ ಸುಮ್ನೆ ಕೂತು ಓದಿದೆ.

ಮೊದಲು ಎಚ್‌ಆರ್ ಪೋರ್ಟಲ್‌ನಲ್ಲಿ ವೇರಿಯಬಲ್ ಪಾಲಿಸಿ ಹುಡುಕಿದೆ. ನನಗೆ ಸೇರುವಾಗ ಕೊಟ್ಟಿದ್ದ ಪ್ರತಿ ಹಳೆಯದು. ಪೋರ್ಟಲ್‌ನಲ್ಲಿ ಇದ್ದದ್ದು ಹಿಂದಿನ ವರ್ಷ ತಿದ್ದಿದ್ದು. ಹಳೆಯದರಲ್ಲಿ ಬರೀ ‘ರೋಲ್ಸ್’ ಇತ್ತು, ಹೊಸದರಲ್ಲಿ ‘ನೋಟಿಸ್’ ಸೇರಿಕೊಂಡಿತ್ತು. ‘ಕಾಲಕಾಲಕ್ಕೆ ಬದಲಾಗುವ ಪಾಲಿಸಿಯಂತೆ’ ಅಂತ ಆಫರ್ ಲೆಟರ್‌ನಲ್ಲಿ ಬರೆದಿದ್ದರೆ, ನಡೆಯುವುದು ಹೊಸ ಪಾಲಿಸಿಯೇ. ಸೇರಿದಾಗಿನ ಪ್ರತಿಯನ್ನು ನಂಬಿ ದಿನ ಲೆಕ್ಕ ಹಾಕಿದ್ದರೆ ಮತ್ತೆ ಅದೇ ಗುಂಡಿಗೆ ಬೀಳುತ್ತಿದ್ದೆ.

ಆಮೇಲೆ, ‘ಪಾವತಿಯ ದಿನ’ ಅಂದರೆ ಯಾವ ದಿನ? ಮಾರ್ಚ್ 31 ಅಲ್ಲ, ಅದು ಲೆಕ್ಕದ ವರ್ಷ ಮುಗಿಯುವ ದಿನ. ಎಷ್ಟು ಬರುತ್ತದೆ ಅಂತ ಹೇಳುವ ಪತ್ರ ಬಂದ ದಿನವಾ? ಸಂಬಳ ಖಾತೆಗೆ ಬಿದ್ದ ದಿನವಾ? ಪಾಲಿಸಿಯಲ್ಲಿ ಸ್ಪಷ್ಟವಾಗಿ ಇರಲಿಲ್ಲ. ನನ್ನ ಹಳೆಯ ಪೇ ಸ್ಲಿಪ್ ತೆಗೆದು ನೋಡಿದೆ. ಎರಡು ವರ್ಷ ಜೂನ್‌ನಲ್ಲಿ ಬಂದಿತ್ತು, ಒಂದು ವರ್ಷ ಜುಲೈನಲ್ಲಿ. ಅಂದರೆ ಜೂನ್ ಅನ್ನುವುದು ರೂಢಿ, ಖಾತ್ರಿ ಅಲ್ಲ.

ಹಾಗಾಗಿ ಎಚ್‌ಆರ್‌ಗೆ ಮೇಲ್ ಹಾಕಿದೆ. ಬಿಡುವ ಮಾತು ಎತ್ತಲಿಲ್ಲ. ಮನೆ ಸಾಲದ ಒಂದು ಭಾಗ ಮೊದಲೇ ಕಟ್ಟಬೇಕೆಂದಿದ್ದೆ, ಅದು ನಿಜವೇ ಆಗಿತ್ತು. ಅದನ್ನೇ ಬರೆದು ಕೇಳಿದೆ: “ಮೇಡಂ, ಈ ಸಲದ ವೇರಿಯಬಲ್ ಯಾವ ತಿಂಗಳ ಸಂಬಳದಲ್ಲಿ ಬರುತ್ತದೆ? ಪಾಲಿಸಿಯಲ್ಲಿ ಹೇಳಿರುವ ಪಾವತಿಯ ದಿನ ಅಂದರೆ ಖಾತೆಗೆ ಜಮೆಯಾಗುವ ದಿನವೇ?” ಎರಡು ದಿನದಲ್ಲಿ ಉತ್ತರ ಬಂತು. ಜೂನ್ ಸಂಬಳದಲ್ಲಿ, ಜಮೆಯಾಗುವ ದಿನವೇ ಪಾವತಿಯ ದಿನ. ಬಾಯಿಮಾತಿನಲ್ಲಿ ಕೇಳಿದ್ದರೆ ಇಷ್ಟು ನೇರ ಉತ್ತರ ಸಿಗುತ್ತಿರಲಿಲ್ಲ ಅನ್ನಿಸುತ್ತದೆ.

ಇನ್ನು ಲೆಕ್ಕ. ಮೇ 2ಕ್ಕೆ ರಾಜೀನಾಮೆ ಕೊಟ್ಟರೆ ಜುಲೈ 30ಕ್ಕೆ 90 ದಿನ ಮುಗಿಯುತ್ತಿತ್ತು. ಜೂನ್ 30ಕ್ಕೆ ರೋಲ್ಸ್‌ನಲ್ಲಿ ಇರುತ್ತೇನೆ, ಆದರೆ ನೋಟಿಸ್‌ನಲ್ಲಿ. ವೇರಿಯಬಲ್ ಸೊನ್ನೆ. ಹಣ ಬಂದ ಮೇಲೆ, ಜುಲೈ 3ರ ಸೋಮವಾರ ಕೊಟ್ಟರೆ ಸೆಪ್ಟೆಂಬರ್ 30ರವರೆಗೆ ನೋಟಿಸ್. ಅಂದರೆ ಎರಡು ತಿಂಗಳು ತಡ. ಹಳೆಯ ಕಂಪನಿಯಲ್ಲಿ ತಿಂಗಳಿಗೆ ₹1,27,500, ಹೊಸದರಲ್ಲಿ ₹1,75,000. ವ್ಯತ್ಯಾಸ ₹47,500. ಎರಡು ತಿಂಗಳು ಕಾಯುವುದರ ಬೆಲೆ ₹95,000.

ಕಾಯುವುದರಿಂದ ಸಿಗುವುದು ಎಷ್ಟು? 2.7 ಲಕ್ಷ ಅಂತ ಬರೆದುಕೊಂಡರೆ ಲೆಕ್ಕ ತಪ್ಪುತ್ತದೆ. ಅದು ಗುರಿ ಮುಟ್ಟಿದರೆ ಬರುವ ಮೊತ್ತ. ಅದನ್ನು ಕಂಪನಿಯ ಸಾಧನೆಯ ಶೇಕಡಾವಾರಿನಿಂದಲೂ ನನ್ನ ರೇಟಿಂಗ್‌ನಿಂದಲೂ ಗುಣಿಸುತ್ತಾರೆ. ಆ ವರ್ಷ ಐಟಿಯಲ್ಲಿ ಹಲವು ಕಡೆ ವೇರಿಯಬಲ್ ಕಡಿತದ ಮಾತು ಇತ್ತು. ನಾನು ಕೆಟ್ಟದ್ದನ್ನೇ ಹಿಡಿದೆ, ಶೇ. 60. ಅಂದರೆ ₹1,62,000. ಅದರಲ್ಲಿ ₹95,000 ಕಳೆದರೆ ₹67,000 ಉಳಿಯುತ್ತಿತ್ತು. ತೆರಿಗೆ ಎರಡೂ ಕಡೆ ಕಡಿತವಾಗುವುದರಿಂದ ಹೋಲಿಸುವಾಗ ತೆರಿಗೆಗೆ ಮುಂಚಿನ ಅಂಕಿಯನ್ನೇ ಇಟ್ಟುಕೊಂಡೆ.

ಈ ಅಂಕಿ ಹಿಡಿದುಕೊಂಡು ಹೊಸ ಕಂಪನಿಯ ಎಚ್‌ಆರ್ ಜೊತೆ ಮಾತಾಡಿದೆ. ಈಗಲೇ ಪೇಪರ್ ಹಾಕಿದರೆ ನನಗೆ ಇಷ್ಟು ವೇರಿಯಬಲ್ ಹೋಗುತ್ತದೆ, ಅದನ್ನು ಜಾಯಿನಿಂಗ್ ಬೋನಸ್ ಆಗಿ ತುಂಬಿಕೊಡುತ್ತೀರಾ ಅಂತ ಕೇಳಿದೆ. ಪಾಲಿಸಿಯ ಆ ಪುಟ ಕಳಿಸಲಿಲ್ಲ, ಅದು ಕಂಪನಿಯ ಒಳಗಿನ ಕಾಗದ. ನನ್ನ ಸಂಬಳದ ವಿವರ ಇದ್ದ ಪತ್ರ ತೋರಿಸಿದೆ. ಅವರು ₹50,000ಕ್ಕೆ ಒಪ್ಪಿದರು. ಆದರೆ 12 ತಿಂಗಳೊಳಗೆ ಬಿಟ್ಟರೆ ಪೂರ್ತಿ ವಾಪಸ್ ಕೊಡಬೇಕು. ಇಲ್ಲಿ ಒಂದು ವಿಷಯ ಗಮನಿಸಿ. ಕೈಗೆ ಬರುವುದು ಟಿಡಿಎಸ್ ಕಳೆದು, ವಾಪಸ್ ಕೇಳುವುದು ಪೂರ್ತಿ ಮೊತ್ತ. ವೇರಿಯಬಲ್‌ಗೆ ನನ್ನ ಹಳೆಯ ಕಂಪನಿಯಲ್ಲಿ ಅಂಥ ವಾಪಸಾತಿ ಷರತ್ತು ಇರಲಿಲ್ಲ. ಕೆಲವು ಕಡೆ ಇರುತ್ತದೆ, ಹಣ ಪಡೆದು ಮೂರು ಅಥವಾ ಆರು ತಿಂಗಳೊಳಗೆ ಬಿಟ್ಟರೆ ಸೆಟ್ಲ್‌ಮೆಂಟ್‌ನಲ್ಲಿ ಹಿಡಿದುಕೊಳ್ಳುತ್ತಾರೆ. ಹಾಗಿದ್ದಿದ್ದರೆ ಕಾಯುವುದರಲ್ಲಿ ಅರ್ಥವೇ ಇರುತ್ತಿರಲಿಲ್ಲ.

ನಾನು ಕಾಯಲು ನಿರ್ಧರಿಸಿದೆ. ಹೊಸ ಕಂಪನಿಯವರು ಸೆಪ್ಟೆಂಬರ್ 1ರ ನಂತರ ಆಗಲ್ಲ ಅಂದರು. ಅದಕ್ಕೆ 30 ದಿನದ ನೋಟಿಸ್ ಬೈಔಟ್ ಮಾಡಬೇಕಿತ್ತು, ಅಂದರೆ ಅಷ್ಟು ದಿನದ ಹಣ ಕಂಪನಿಗೆ ಕಟ್ಟಿ ಬೇಗ ಹೊರಡಬೇಕಿತ್ತು. ನಮ್ಮ ಪಾಲಿಸಿಯಲ್ಲಿ ಅದಕ್ಕೆ ಮ್ಯಾನೇಜರ್ ಒಪ್ಪಿಗೆ ಬೇಕು, ದರ ಬೇಸಿಕ್ ಸಂಬಳದ್ದು. ನನ್ನ ಬೇಸಿಕ್ ತಿಂಗಳಿಗೆ ₹52,000. ಒಂದು ತಿಂಗಳ ತಡದ ₹47,500 ಸೇರಿಸಿದರೆ ₹99,500, ಎರಡು ತಿಂಗಳು ಕಾಯುವಷ್ಟೇ ಹತ್ತಿರ ಹತ್ತಿರ. ಶೇ. 60ರಲ್ಲೇ ಲೆಕ್ಕ ಹಾಕಿದರೂ ₹62,500 ಉಳಿಯುತ್ತಿತ್ತು, ಅದೂ ಯಾವ ಕಟ್ಟುಪಾಡೂ ಇಲ್ಲದೆ. ನಿಜವಾದ ಅಪಾಯ ಬೇರೆ ಇತ್ತು. ಆ ವರ್ಷ ಕೊಟ್ಟ ಆಫರ್ ಹಿಂದಕ್ಕೆ ತೆಗೆದುಕೊಳ್ಳುವುದು ನಡೆಯುತ್ತಿತ್ತು. ಜುಲೈವರೆಗೆ ನಾನು ರಾಜೀನಾಮೆ ಕೊಟ್ಟಿರುವುದಿಲ್ಲ, ಆಫರ್ ಹೋದರೂ ಈಗಿನ ಕೆಲಸ ಇರುತ್ತದೆ ಅನ್ನುವುದೇ ನನಗೆ ಧೈರ್ಯ ಕೊಟ್ಟಿತು.

ಜೂನ್ ಎರಡನೇ ವಾರ ಪತ್ರ ಬಂತು, ಶೇ. 80. ಅಂದರೆ ₹2,16,000. ನನ್ನ ಗೆಳೆಯ “ಪತ್ರ ಬಂತಲ್ಲ, ಇನ್ನೇನು, ಹಾಕಿಬಿಡು” ಅಂದ. 20ನೇ ತಾರೀಖಿನ ಹೊತ್ತಿಗೆ ಪೇರೋಲ್ ಲಾಕ್ ಆಗುತ್ತದೆ, ಆಮೇಲೆ ತೆಗೆಯಲು ಆಗಲ್ಲ ಅನ್ನುವುದು ಅವನ ವಾದ. ಆದರೆ ರಾಜೀನಾಮೆ ಸಿಸ್ಟಮ್‌ಗೆ ಬಿದ್ದ ಕೂಡಲೇ ಸಂಬಳವನ್ನೇ ಹೋಲ್ಡ್‌ನಲ್ಲಿ ಇಡುವ ಕಂಪನಿಗಳಿವೆ. ಹಣ ಬಂದುಬಿಟ್ಟರೂ, ಪಾವತಿಯ ದಿನ ನೋಟಿಸ್‌ನಲ್ಲಿ ಇದ್ದವರಿಂದ ಸೆಟ್ಲ್‌ಮೆಂಟ್‌ನಲ್ಲಿ ಕಳೆಯಲು ಪಾಲಿಸಿಯೇ ದಾರಿ ಕೊಡುತ್ತದೆ. ಜೂನ್ 30ರ ಶುಕ್ರವಾರ ಹಣ ಜಮೆಯಾಯಿತು. ಶನಿವಾರ ಪೇ ಸ್ಲಿಪ್ ಬಂತು, ವೇರಿಯಬಲ್ ಬೇರೆ ಸಾಲಾಗಿ ಇರುವುದನ್ನು ನೋಡಿ ಇಳಿಸಿಕೊಂಡೆ. ಸೋಮವಾರ ಬೆಳಿಗ್ಗೆ ರಾಜೀನಾಮೆ ಕೊಟ್ಟೆ. ಪ್ರಾಜೆಕ್ಟ್ ಆಗಸ್ಟ್‌ನಲ್ಲಿ ಮುಗಿಯುವುದಿತ್ತು, ಮ್ಯಾನೇಜರ್ ಬೈಔಟ್‌ಗೆ ಒಪ್ಪಿದರು. ಆಗಸ್ಟ್ 31 ನನ್ನ ಕೊನೆಯ ದಿನ.

ಇದೆಲ್ಲ ತಾವೇ ಬಿಡುವವರ ಮಾತು. ಕಂಪನಿಯೇ ಕಳಿಸಿದರೆ? ನನ್ನ ಸಹೋದ್ಯೋಗಿ ಒಬ್ಬರನ್ನು ಅದೇ ಮೇ ತಿಂಗಳಲ್ಲಿ ಲೇಆಫ್ ಮಾಡಿದರು. ಮಾರ್ಚ್‌ವರೆಗೆ ಪೂರ್ತಿ ವರ್ಷ ದುಡಿದಿದ್ದರು, ಜೂನ್‌ನಲ್ಲಿ ಮಾತ್ರ ಇರುವುದಿಲ್ಲ. ಅವರು ಬಿಡುಗಡೆ ಪತ್ರಕ್ಕೆ ಸಹಿ ಹಾಕುವ ಮೊದಲೇ ಹೋದ ವರ್ಷದ ವೇರಿಯಬಲ್ ಆ ಪತ್ರದಲ್ಲೇ ಸೇರಬೇಕು ಅಂತ ಕೇಳಿದರು, ಸೇರಿತು. ಸಹಿ ಆದ ಮೇಲೆ ಕೇಳಿದ್ದರೆ ಆ ಪತ್ರದಲ್ಲಿರುವ ‘ಇನ್ಯಾವ ಬಾಕಿಯೂ ಇಲ್ಲ’ ಅನ್ನುವ ಸಾಲನ್ನೇ ತೋರಿಸುತ್ತಿದ್ದರು.

ಇದೇ ಹೊತ್ತಿಗೆ ಇನ್ನೊಬ್ಬರು “ಬೋನಸ್‌ಗೆ ಕಾನೂನೇ ಇದೆಯಲ್ಲ” ಅಂದರು. ಇದೆ, ಆದರೆ ಅದು ಬೇರೆ. 1965ರ ಬೋನಸ್ ಪಾವತಿ ಕಾಯ್ದೆ ಆಗ ತಿಂಗಳಿಗೆ ₹21,000ದವರೆಗೆ ಸಂಬಳ ಇರುವವರಿಗೆ ಅನ್ವಯಿಸುತ್ತಿತ್ತು. ವರ್ಷದಲ್ಲಿ 30 ದಿನ ಕೆಲಸ ಮಾಡಿದ್ದರೆ ಸಾಕು, ಕನಿಷ್ಠ ಶೇ. 8.33 ಬೋನಸ್ ಅವರ ಹಕ್ಕು. ರಾಜೀನಾಮೆ ಕೊಟ್ಟರು ಅಂತ ಅದನ್ನು ತಪ್ಪಿಸುವಂತಿಲ್ಲ. ನಮ್ಮಂಥವರ ವೇರಿಯಬಲ್‌ಗೆ ಆ ರಕ್ಷಣೆ ಇರಲಿಲ್ಲ, ಇದ್ದದ್ದು ಕರಾರಿನ ಸಾಲುಗಳು ಮಾತ್ರ. ದುಡಿದು ಮುಗಿಸಿದ ವರ್ಷದ ಹಣವನ್ನು ಮೂರು ತಿಂಗಳ ನಂತರದ ಒಂದು ದಿನಕ್ಕೆ ಕಟ್ಟಿಹಾಕುವುದು ನನಗೆ ಇವತ್ತಿಗೂ ನ್ಯಾಯ ಅನ್ನಿಸುವುದಿಲ್ಲ.

ಹಾಗಾಗಿ ಹೊಸ ಕಂಪನಿಯ ಆಫರ್‌ಗೆ ಸಹಿ ಹಾಕುವ ಮೊದಲೇ ಅವರ ಷರತ್ತು ಕೇಳಿದ್ದೆ. ನೋಟಿಸ್‌ನ ಸಾಲು ತೆಗೆಯಿರಿ ಅಂದೆ, ಎಲ್ಲರಿಗೂ ಒಂದೇ ಪಾಲಿಸಿ, ಆಗಲ್ಲ ಅಂದರು. ಇನ್ನೊಂದು ಕೇಳಿದೆ: ಸೆಪ್ಟೆಂಬರ್‌ನಲ್ಲಿ ಸೇರಿದರೆ ಮೊದಲ ವರ್ಷದ ವೇರಿಯಬಲ್ ತಿಂಗಳ ಲೆಕ್ಕದಲ್ಲಿ ಬರುತ್ತದಾ? ಬರುತ್ತದೆ ಅಂದರು. ಅದನ್ನು ಮೇಲ್‌ನಲ್ಲಿ ಬರೆಸಿಕೊಂಡೆ: ಸೆಪ್ಟೆಂಬರ್‌ನಿಂದ ಮಾರ್ಚ್, 7 ತಿಂಗಳು.

ಮುಂದಿನ ಜೂನ್‌ನಲ್ಲಿ ತಂಡದವರಿಗೆಲ್ಲ ಪತ್ರ ಬಂತು, ನನಗೆ ಬರಲಿಲ್ಲ. ಜುಲೈ 1ರ ನಂತರ ಸೇರಿದವರನ್ನು ಸಿಸ್ಟಮ್ ಪಟ್ಟಿಯಿಂದ ಬಿಟ್ಟಿತ್ತು. ಆ ಮೇಲ್ ಕಳಿಸಿದೆ. ಜುಲೈ ಸಂಬಳದಲ್ಲಿ 7 ತಿಂಗಳದ್ದು ಬಂತು.