14 ಪುಟದ ಟಿಪ್ಪಣಿ, 10 ನಿಮಿಷದ ಮಾತು

ಪಾಂಡವಪುರದ ಕಡೆಯ ಯುವಕರೊಬ್ಬರು ಬೆಲ್ಲ ಮಾಡುವ ಆಲೆಮನೆಗಳಿಗಾಗಿ ಒಂದು ಉಪಕರಣ ಮಾಡಿದ್ದಾರೆ. ಕೊಪ್ಪರಿಗೆಯಲ್ಲಿ ಕುದಿಯುವ ಪಾಕದ ಶಾಖ ಎಷ್ಟಿದೆ ಅಂತ ದೊಡ್ಡ ಅಂಕಿಯಲ್ಲಿ ತೋರಿಸುತ್ತದೆ. ಇಳಿಸುವ ಹದ ಹತ್ತಿರ ಬಂದಾಗ ಜೋರಾಗಿ ಕೂಗುತ್ತದೆ. ಅದರ ಬಿಡುಗಡೆ ಕಾರ್ಯಕ್ರಮ ಮಂಡ್ಯದಲ್ಲಿ ಇತ್ತು. ಮುಖ್ಯ ಮಾತು ಅವರದೇ, ಸಮಯ 10 ನಿಮಿಷ. ಮೈಸೂರಿನಲ್ಲಿ ಇಂಥ ಭಾಷಣಗಳನ್ನು ತಿದ್ದಿ ಕೊಡುವುದು ನನ್ನ ಕೆಲಸ. ನನ್ನ ಕೈಗೆ ಬಂದದ್ದು 14 ಪುಟದ ಟಿಪ್ಪಣಿ, ಜೊತೆಗೆ ಒಂದಷ್ಟು ವಾಯ್ಸ್ ಮೆಸೇಜ್.

ಟಿಪ್ಪಣಿಯಲ್ಲಿ ಎಲ್ಲವೂ ಇತ್ತು. ಬೆಂಗಳೂರಿನ ಕೆಲಸ ಬಿಟ್ಟ ಕಥೆ, ಸೆನ್ಸರ್‌ನ ವಿವರ, ಆ್ಯಪ್, ಬೆಲ್ಲದಿಂದ ಆರೋಗ್ಯಕ್ಕೆ ಏನು ಲಾಭ, ಮುಂದಿನ ಐದು ವರ್ಷದ ಯೋಜನೆ, ಕೊನೆಗೆ ಎರಡು ಪುಟ ಧನ್ಯವಾದ. ಯಾವುದೂ ಸುಳ್ಳಲ್ಲ, ಯಾವುದೂ ಕೆಟ್ಟದ್ದಲ್ಲ. ಆದರೆ ಒಂದಕ್ಕೊಂದು ಕೈ ಹಿಡಿದಿರಲಿಲ್ಲ.

ಇಂಥ ಟಿಪ್ಪಣಿ ಬಂದಾಗ ನಾನು ಮೊದಲು ಪೆನ್ನು ತೆಗೆಯುವುದಿಲ್ಲ. ಬರೆದವರನ್ನು ಎದುರಿಗೆ ಕೂರಿಸಿಕೊಂಡು, ಹಾಳೆ ಮುಚ್ಚಿಸಿ, ಮಾತಾಡಿಸಿ ರೆಕಾರ್ಡ್ ಮಾಡಿಕೊಳ್ಳುತ್ತೇನೆ. ಇವರಿಗೆ ಆಲೆಮನೆ ನಡೆಸುವ ದೊಡ್ಡಪ್ಪ ಇದ್ದಾರೆ. ಹಾಗಾಗಿ, "ದೊಡ್ಡಪ್ಪ ನಿಮ್ಮನ್ನು, ಇದು ಯಾಕೋ ಮಗ ಅಂತ ಕೇಳಿದ್ರು ಅಂದುಕೊಳ್ಳಿ. ಅವರಿಗೆ ಹೇಗೆ ಹೇಳ್ತೀರೋ ಹಾಗೇ ಹೇಳಿ" ಅಂದೆ. ಸ್ವಲ್ಪ ತಡವರಿಸಿದರು. ಆಮೇಲೆ ಹೀಗೆ ಹೇಳಿದರು:

"ನಮ್ಮ ದೊಡ್ಡಪ್ಪನ ಆಲೆಮನೇಲಿ ಪಾಕ ನೋಡೋರು ಒಬ್ರೇ ಇದ್ದಿದ್ದು ಮೇಡಂ. ಅವ್ರು ಮದುವೆಗೆ ಅಂತ ಊರಿಗೆ ಹೋದ ದಿನ ಒಂದು ಕೊಪ್ಪರಿಗೆ ಪೂರ್ತಿ ಸೀದೋಯ್ತು. ಆ ಬೆಲ್ಲಾನ ಮಂಡೀಲಿ ಯಾರೂ ಮುಟ್ಟಲಿಲ್ಲ."

ಇದೇ ವಿಷಯ ಟಿಪ್ಪಣಿಯ ಒಂಬತ್ತನೇ ಪುಟದಲ್ಲೂ ಇತ್ತು. ಅಲ್ಲಿ ಅದರ ರೂಪ ಹೀಗಿತ್ತು: "ನುರಿತ ಕಾರ್ಮಿಕರ ಅಲಭ್ಯತೆಯಿಂದಾಗಿ ಉತ್ಪನ್ನದ ಗುಣಮಟ್ಟದಲ್ಲಿ ವ್ಯತ್ಯಯ ಉಂಟಾಗುವ ಸಾಧ್ಯತೆ ಇರುತ್ತದೆ." ಒಂಬತ್ತನೇ ಪುಟದಲ್ಲಿ ಹೂತುಹೋಗಿದ್ದ ಈ ಸಂಗತಿಯೇ ಇಡೀ ಭಾಷಣದ ಬೇರು. ಎದುರಿಗೆ ಕೂರುವವರು ಆಲೆಮನೆ ಯಜಮಾನರು ಮತ್ತು ಬೆಲ್ಲದ ವರ್ತಕರು. ಸೀದ ಕೊಪ್ಪರಿಗೆ ಅಂದರೆ ಏನು ಅಂತ ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಭಾಷಣ ಅಲ್ಲಿಂದಲೇ ಶುರುವಾಗಬೇಕು ಅಂತ ಆಗಲೇ ತೀರ್ಮಾನಿಸಿದೆ.

ಮುಂದಿನದು ಅಳತೆ. ರೆಕಾರ್ಡ್ ಆದದ್ದನ್ನು ಬರೆದು ಎಣಿಸಿದರೆ ಅವರ ವೇಗ ನಿಮಿಷಕ್ಕೆ ಸುಮಾರು 95 ಪದ ಬಂತು. ಇಂಗ್ಲಿಷ್ ಭಾಷಣಕ್ಕೆ ಹೇಳುವ 130, 140 ಪದದ ಲೆಕ್ಕ ಕನ್ನಡಕ್ಕೆ ಹೊಂದುವುದಿಲ್ಲ. ನಮ್ಮಲ್ಲಿ ಪ್ರತ್ಯಯಗಳೆಲ್ಲ ಪದಕ್ಕೇ ಅಂಟಿಕೊಂಡು ಒಂದೊಂದು ಪದವೂ ಉದ್ದವಾಗುತ್ತದೆ, ಅಲ್ವಾ? 10 ನಿಮಿಷಕ್ಕೆ 950 ಪದ. ಅದರಲ್ಲಿ ಉಪಕರಣ ಕೂಗಿಸಿ ತೋರಿಸುವುದಕ್ಕೆ ಒಂದೂವರೆ ನಿಮಿಷ, ಜನ ಪ್ರತಿಕ್ರಿಯಿಸುವುದಕ್ಕೆ ಒಂದು ನಿಮಿಷ ತೆಗೆದಿಟ್ಟೆ. ಉಳಿದದ್ದು ಸುಮಾರು 700 ಪದ. 14 ಪುಟದಲ್ಲಿ ಅದರ ಐದಾರು ಪಟ್ಟು ಇತ್ತು. ಈ ಲೆಕ್ಕವನ್ನು ಮೊದಲೇ ಮುಂದಿಟ್ಟರೆ ಕತ್ತರಿಸುವಾಗ ಜಗಳ ಕಡಿಮೆ. ನನ್ನ ರುಚಿಗಾಗಿ ತೆಗೆಯುತ್ತಿಲ್ಲ, ಗಡಿಯಾರಕ್ಕಾಗಿ ತೆಗೆಯುತ್ತಿದ್ದೇನೆ ಅಂತ ಅವರಿಗೆ ಅರ್ಥವಾಗುತ್ತದೆ.

ಆಮೇಲೆ ಒಂದೇ ಪ್ರಶ್ನೆ ಕೇಳಿದೆ. "ಭಾಷಣ ಮುಗಿದ ಮೇಲೆ ಕೇಳಿದವರು ಏನು ಮಾಡಬೇಕು?" ಅವರು, "ನಮ್ಮ ಕಂಪನಿ ಬಗ್ಗೆ ಗೊತ್ತಾಗಬೇಕು" ಅಂದರು. ಗೊತ್ತಾಗುವುದು ಕೆಲಸವಲ್ಲ. ಮತ್ತೆ ಮತ್ತೆ ಕೇಳಿದ ಮೇಲೆ ಉತ್ತರ ಸಿಕ್ಕಿತು: ಆಲೆಮನೆ ಯಜಮಾನರು ಒಂದು ವಾರದ ಮಟ್ಟಿಗೆ ಉಪಕರಣವನ್ನು ತಮ್ಮ ಕೊಪ್ಪರಿಗೆಗೆ ಹಾಕಿಸಿಕೊಳ್ಳಲು ಹೆಸರು ಬರೆಸಬೇಕು. ಇಷ್ಟು ಸಿಕ್ಕಿದ ಮೇಲೆ ಪ್ರತಿ ಪ್ಯಾರಾದ ಪಕ್ಕದಲ್ಲಿ ಬರೆಯುತ್ತಾ ಹೋದೆ: ಇದನ್ನು ಕೇಳಿ ಒಬ್ಬ ಯಜಮಾನರು ಹೆಸರು ಬರೆಸುವುದಕ್ಕೆ ಹತ್ತಿರ ಬರುತ್ತಾರಾ, ಇಲ್ವಾ? ಬೆಂಗಳೂರಿನ ಕೆಲಸ ಬಿಟ್ಟ ಕಥೆ ಹೋಯಿತು. ಬೆಲ್ಲದ ಆರೋಗ್ಯ ಲಾಭವೂ ಹೋಯಿತು. ಬೆಲ್ಲ ಮಾಡುವವರಿಗೇ ಬೆಲ್ಲ ಒಳ್ಳೆಯದು ಅಂತ ಹೇಳಿ ಪ್ರಯೋಜನವಿಲ್ಲ. ಆ್ಯಪ್‌ನ ವಿವರ ಒಂದು ವಾಕ್ಯಕ್ಕೆ ಇಳಿಯಿತು.

ಇನ್ನು ಈ ಕೆಲಸದ ಕಷ್ಟದ ಭಾಗ. ಆ ಸಭೆಯಲ್ಲಿ ಪಾಕ ನೋಡುವವರೂ ಇರುತ್ತಾರೆ. ತಣ್ಣೀರಿಗೆ ಒಂದು ತೊಟ್ಟು ಪಾಕ ಬಿಟ್ಟು, ಬೆರಳಲ್ಲಿ ಉಂಡೆ ಮಾಡಿ, ಬಡಿದರೆ ಟಣ್ ಅನ್ನುತ್ತದಾ ಅಂತ ಕೇಳಿ ಹದ ಹೇಳುವವರು ಅವರು. ಟಿಪ್ಪಣಿಯಲ್ಲಿ ಇದನ್ನು "ಅವೈಜ್ಞಾನಿಕ ಪದ್ಧತಿ" ಅಂತ ಕರೆದಿದ್ದರು. ಅಷ್ಟು ಹೇಳಿದರೆ ಸಾಕು, ಅರ್ಧ ಸಭೆ ಕೈ ಕಟ್ಟಿ ಕೂರುತ್ತದೆ. ಅದೂ ಅಲ್ಲದೆ ಆ ಮಾತು ಸರಿಯೂ ಅಲ್ಲ. ನೀರಿನಂಶ ಕಡಿಮೆಯಾದ ಹಾಗೆ ಪಾಕದ ಕುದಿಯುವ ಶಾಖ ಏರುತ್ತದೆ. ಜೋನಿ ಬೆಲ್ಲಕ್ಕೆ ಸುಮಾರು 105 ಡಿಗ್ರಿಗೆ ಇಳಿಸುತ್ತಾರೆ, ಅಚ್ಚು ಬೆಲ್ಲಕ್ಕೆ ಸುಮಾರು 118ಕ್ಕೆ. ಬೆರಳಿನ ಪರೀಕ್ಷೆಯೂ ಯಂತ್ರವೂ ನೋಡುವುದು ಅದೇ ಹದವನ್ನು. ಕೊನೆಯ ಹೊತ್ತಿನಲ್ಲಿ ಶಾಖ ಬೇಗ ಬೇಗ ಏರುವುದರಿಂದ ಕಣ್ಣು ತಪ್ಪಿದರೆ ಕೆಡುತ್ತದೆ, ಅಷ್ಟೇ.

ಹಾಗಾಗಿ ವಾದವನ್ನೇ ತಿರುಗಿಸಿ ಬರೆದೆವು. ಉಪಕರಣ ಇರುವುದು ಪಾಕ ನೋಡುವವರ ಜಾಗಕ್ಕೆ ಬರಲಿಕ್ಕಲ್ಲ, ಅವರು ಇಲ್ಲದ ದಿನಕ್ಕೆ ಮತ್ತು ರಾತ್ರಿ ಪಾಳಿಗೆ. ಜೊತೆಗೆ ಅದರ ಮಿತಿಯನ್ನೂ ಬಾಯಿಬಿಟ್ಟು ಹೇಳಿಸಿದೆ. ಕಬ್ಬು ಒಣಗಿದ್ದರೆ, ಕಡಿದು ಜಾಸ್ತಿ ದಿನ ಬಿಟ್ಟಿದ್ದರೆ, ಕಬ್ಬಿನ ಹಾಲಿನ ಗುಣವೇ ಕೆಟ್ಟಿರುತ್ತದೆ. ಆಗ 118ಕ್ಕೆ ಇಳಿಸಿದರೂ ಅಚ್ಚು ಗಟ್ಟಿ ಕೂರುವುದಿಲ್ಲ. ಸುಣ್ಣ ಎಷ್ಟು ಹಾಕಬೇಕು ಅಂತಲೂ ಯಂತ್ರ ಹೇಳುವುದಿಲ್ಲ. ಇದನ್ನು ಹೇಳಿದರೆ ಮಾರಾಟ ಕೆಡುತ್ತದೆ ಅಂತ ಅವರಿಗೆ ಭಯ. ನನ್ನ ಅನುಭವ ಬೇರೆ. ಎದುರಿಗೆ ಕೂತವರ ಮನಸ್ಸಿನಲ್ಲಿ ಆಗಲೇ ಇರುವ ಅನುಮಾನವನ್ನು ನಾವೇ ಮೊದಲು ಎತ್ತಿದರೆ, ಮುಂದಿನ ಮಾತನ್ನು ನಂಬುತ್ತಾರೆ. ಅದಕ್ಕೇ ಈ ಭಾಗ ಬೆಲೆ ಹೇಳುವ ಮುಂಚೆಯೇ ಬರಬೇಕು. ಬೆಲೆ ಕೇಳಿದ ಮೇಲೆ ಮಿತಿ ಹೇಳಿದರೆ ಅದು ನೆಪದ ಹಾಗೆ ಕೇಳಿಸುತ್ತದೆ.

ಇದೇ ಕಾರಣಕ್ಕೆ "ದೇಶದಲ್ಲೇ ಮೊದಲು" ಮತ್ತು "ಶೇ 30 ಉಳಿತಾಯ" ಎರಡನ್ನೂ ತೆಗೆಸಿದೆ. ಮೊದಲನೆಯದಕ್ಕೆ ಆಧಾರ ಕೇಳಿದಾಗ, ಹುಡುಕಿದ್ದು ಗೂಗಲ್‌ನಲ್ಲಿ ಮಾತ್ರ ಅಂದರು. ಎರಡನೆಯದು ಒಂದೇ ಆಲೆಮನೆಯ ಕೆಲವು ಕೊಪ್ಪರಿಗೆಯಿಂದ ಬಂದದ್ದು. ಅದರ ಜಾಗಕ್ಕೆ, ಉಪಕರಣ ಹಾಕಿಸಿಕೊಂಡಿದ್ದ ಆಲೆಮನೆ ಯಜಮಾನರೊಬ್ಬರನ್ನು ಎದ್ದು ನಿಂತು ಎರಡು ಮಾತು ಹೇಳಿ ಅಂತ ಕೇಳಿಕೊಂಡೆವು. ಬರೆದುಕೊಟ್ಟದ್ದೇನೂ ಇಲ್ಲ, ಕಂಡದ್ದನ್ನು ಹೇಳಲಿ ಅಂತ.

ವಾಕ್ಯ ತಿದ್ದುವುದು ಆಮೇಲೆ. ಬರೆದ ಕನ್ನಡ ಓದಲು ಚೆನ್ನಾಗಿದ್ದರೂ ಕಿವಿಗೆ ಭಾರವಾಗುವುದು ಕ್ರಿಯಾಪದ ಕೊನೆಗೆ ಬರುವುದರಿಂದ. ಕೇಳುವವರು ಅಲ್ಲಿವರೆಗೂ ಎಲ್ಲವನ್ನೂ ತಲೆಯಲ್ಲಿ ಹಿಡಿದುಕೊಂಡೇ ಇರಬೇಕು. ಟಿಪ್ಪಣಿಯ ಒಂದು ವಾಕ್ಯ ನೋಡಿ:

"ಕೊಪ್ಪರಿಗೆಯ ಅಂಚಿಗೆ ಅಳವಡಿಸಲಾಗುವ, ಹೆಚ್ಚಿನ ಉಷ್ಣಾಂಶವನ್ನು ತಡೆದುಕೊಳ್ಳಬಲ್ಲ ಸೆನ್ಸರ್ ಮೂಲಕ ಪಾಕದ ತಾಪಮಾನವನ್ನು ನಿರಂತರವಾಗಿ ಗ್ರಹಿಸಿ, ನಿಗದಿತ ಮಟ್ಟ ತಲುಪುವ ಮುನ್ನವೇ ಬಳಕೆದಾರರಿಗೆ ಎಚ್ಚರಿಕೆ ನೀಡುವ ವ್ಯವಸ್ಥೆಯನ್ನು ಅಭಿವೃದ್ಧಿಪಡಿಸಲಾಗಿದೆ."

ಇದು ವೇದಿಕೆಯ ಮೇಲೆ ಹೀಗಾಯಿತು:

"ಈ ಕಡ್ಡಿ ಪಾಕದೊಳಗೆ ಇರುತ್ತೆ. ಶಾಖ ಎಷ್ಟಿದೆ ಅಂತ ಈ ಡಬ್ಬಿ ಮೇಲೆ ಕಾಣುತ್ತೆ. 118ಕ್ಕೆ ಇಳಿಸಬೇಕು ಅಲ್ವಾ? 115 ಆದ ತಕ್ಷಣ ಕೂಗುತ್ತೆ. ಕೇಳಿ." ಇಲ್ಲಿ ಗುಂಡಿ ಒತ್ತಬೇಕು.

ಗಮನಿಸಿ, ಇಡೀ ಭಾಷಣದಲ್ಲಿ ಶಾಖದ ಅಂಕಿ ಎರಡೇ. ಅವೆರಡೂ ಒಟ್ಟಿಗೇ ಬರುತ್ತವೆ, ಕೇಳಿದವರು ಮನೆಗೆ ಹೊತ್ತುಕೊಂಡು ಹೋಗಬಹುದು. "ಅಭಿವೃದ್ಧಿಪಡಿಸಲಾಗಿದೆ" ಅನ್ನುವಂಥ ಕಡೆಯಲ್ಲೆಲ್ಲ ಮಾಡಿದವರು ಯಾರು ಅಂತ ಕೇಳಿ, "ನಾವು ಮಾಡಿದ್ವಿ" ಅಂತ ಬದಲಿಸಿದೆ. ಅವರ ಮಂಡ್ಯದ ಮಾತನ್ನು ಹಾಗೇ ಬಿಟ್ಟೆ. ಮಂಡ್ಯದವರ ಎದುರು ಪುಸ್ತಕದ ಕನ್ನಡ ಆಡಿದರೆ ಹುಡುಗ ಬದಲಾಗಿಬಿಟ್ಟ ಅಂತ ಅನಿಸುತ್ತದೆ.

ತಾಲೀಮಿನಲ್ಲಿ ನಾನು ಅವರ ಮುಖ ನೋಡುವುದಿಲ್ಲ, ಬೆನ್ನು ಮಾಡಿ ಕೂತು ಬರೀ ಕೇಳುತ್ತೇನೆ. ಒಂದೇ ಜಾಗದಲ್ಲಿ ಎರಡು ಸಲ ತಡವರಿಸಿದರೆ ತಪ್ಪು ನಾಲಿಗೆಯದಲ್ಲ, ವಾಕ್ಯದ್ದು. ಅದನ್ನು ಅಲ್ಲೇ ಒಡೆಯುತ್ತೇನೆ. ಪೂರ್ತಿ ಭಾಷಣ ಬಾಯಿಪಾಠ ಮಾಡಿಸುವುದಿಲ್ಲ. ಒಂದು ಪದ ಮರೆತರೆ ಇಡೀ ಸರ ಕಳಚುತ್ತದೆ. ಮೊದಲ ನಾಲ್ಕು ವಾಕ್ಯ, ಕೊನೆಯ ಮೂರು ವಾಕ್ಯ ಮಾತ್ರ ಬಾಯಿಗೆ ಬರಬೇಕು. ಮಧ್ಯಕ್ಕೆ ಒಂದು ಕಾರ್ಡಿನಲ್ಲಿ ಐದು ಸಾಲು: ಸೀದ ಕೊಪ್ಪರಿಗೆ, ಕಡ್ಡಿ ಮತ್ತು ಕೂಗು, ಯಂತ್ರಕ್ಕೆ ಗೊತ್ತಾಗದ್ದು, ಯಜಮಾನರ ಮಾತು, ಬೆಲೆ.

ನಮ್ಮ ಕಡೆಯ ಕಾರ್ಯಕ್ರಮಗಳಲ್ಲಿ ಇನ್ನೊಂದು ಅಪಾಯ ಇದ್ದೇ ಇರುತ್ತದೆ. ಪ್ರಾರ್ಥನೆ, ದೀಪ ಬೆಳಗುವುದು, ಹಾರ ಹಾಕುವುದು, ಅತಿಥಿಗಳ ಮಾತು ಮುಗಿಯುವ ಹೊತ್ತಿಗೆ 10 ನಿಮಿಷ 6 ಆಗಿರುತ್ತದೆ. ಅಲ್ಲೇ ನಿಂತು ಕತ್ತರಿಸಲು ಹೋದರೆ ಕೊನೆಯ ಭಾಗವೇ ಬಿದ್ದುಹೋಗುತ್ತದೆ. ಹೆಸರು ಬರೆಸಿ ಅನ್ನುವ ಮಾತು ಇರುವುದೇ ಅಲ್ಲಿ. ಹಾಗಾಗಿ ಕಾರ್ಡಿನಲ್ಲಿ ಯಾವುದು ಮೊದಲು ಹೋಗಬೇಕು ಅಂತ ಕೆಂಪು ಗೆರೆ ಹಾಕಿ ಕೊಟ್ಟಿದ್ದೆ: ಮೊದಲು ಆ್ಯಪ್, ಆಮೇಲೆ ಯಜಮಾನರ ಮಾತು. ಸೀದ ಕೊಪ್ಪರಿಗೆ, ಕೂಗು, ಮಿತಿ, ಬೆಲೆ, ಹೆಸರು ಬರೆಸುವುದು, ಇವು ಯಾವ ಕಾರಣಕ್ಕೂ ಹೋಗಬಾರದು. ವೇದಿಕೆ ಮೇಲಿದ್ದವರ ಹೆಸರನ್ನೆಲ್ಲ ಹೇಳದಿದ್ದರೆ ಬೇಜಾರಾಗುತ್ತಾರೆ ಅಂತ ಅವರಿಗೆ ಚಿಂತೆ ಇತ್ತು. ಆ ಕೆಲಸವನ್ನು ನಿರೂಪಕಿಗೆ ವಹಿಸಿದೆವು. ಇವರು ಹೇಳಿದ್ದು ಒಂದೇ ವಾಕ್ಯ: "ವೇದಿಕೆ ಮೇಲಿರೋ ಹಿರಿಯರಿಗೂ, ಕೊಪ್ಪರಿಗೆ ಮುಂದೆ ನಿಂತು ನನಗೆ ಕಲಿಸಿದ ಎಲ್ಲರಿಗೂ ನಮಸ್ಕಾರ."

ಅವತ್ತು ಸಮಯ ಕಡಿಮೆಯಾಗಿಯೇ ಆಯಿತು, ಆ್ಯಪ್ ಭಾಗ ಬಿಟ್ಟರು. ಯಜಮಾನರ ಎರಡು ಮಾತಿಗೆ ಜಾಗ ಉಳಿಯಿತು. ಡಬ್ಬಿ ಕೂಗಿದಾಗ ಹಿಂದೆ ಮಾತಾಡಿಕೊಂಡಿದ್ದವರೂ ತಿರುಗಿ ನೋಡಿದರು. ಕೊನೆಯ ಮೂರು ವಾಕ್ಯ ಬರೆದ ಹಾಗೇ ಬಂತು: "ಒಂದು ವಾರ ನಿಮ್ಮ ಕೊಪ್ಪರಿಗೆಗೆ ಹಾಕಿ ಕೊಡ್ತೀವಿ. ದುಡ್ಡು ಬೇಡ. ಬಾಗಿಲ ಹತ್ತಿರ ಮೇಜಿದೆ, ಹೆಸರು, ಊರು ಬರೆಸಿ."

ಪ್ರಶ್ನೆಗಳಿಗೂ ತಯಾರಿ ಮಾಡಿಸಿದ್ದೆ. ಕರೆಂಟ್ ಹೋದರೆ ಏನು ಮಾಡೋದು ಅನ್ನುವುದೇ ಮೊದಲ ಪ್ರಶ್ನೆ ಆಗುತ್ತದೆ ಅಂತ ಅಂದಾಜಿತ್ತು, ಅದೇ ಬಂತು. ಅವರು ಮೊದಲು ಬರೆದುಕೊಂಡಿದ್ದ ಉತ್ತರ ಅರ್ಧ ಪುಟ, ಬ್ಯಾಟರಿಯ ವಿಧ, ಸಾಮರ್ಥ್ಯ ಎಲ್ಲ ಸೇರಿ. ಅವತ್ತು ಹೇಳಿದ್ದು ಇಷ್ಟೇ: "ಒಳಗೆ ಬ್ಯಾಟರಿ ಇದೆ, ರಾತ್ರಿ ಪಾಳಿ ಪೂರ್ತಿ ಬರುತ್ತೆ. ಅದೂ ಮುಗಿದ್ರೆ, ನಿಮ್ಮ ತಣ್ಣೀರು ಬಟ್ಟಲು ಪಕ್ಕದಲ್ಲೇ ಇರುತ್ತಲ್ಲ ಯಜಮಾನ್ರೇ."