ರೀಡ್ ಮಾಡೆಲ್ ಮತ್ತೆ ಕಟ್ಟಿದಾಗ ಏನೇನು ಖರ್ಚಾಯಿತು

ವಾಹನದ ಬಿಡಿಭಾಗಗಳ ಸಗಟು ವ್ಯಾಪಾರಕ್ಕೆ ನಮ್ಮ ತಂಡ ಒಂದು ಸ್ಟಾಕ್ ವ್ಯವಸ್ಥೆ ಕಟ್ಟಿತ್ತು. ಡೇಟಾಬೇಸ್ ಪೋಸ್ಟ್‌ಗ್ರೆಸ್, ವಿನ್ಯಾಸ ಈವೆಂಟ್ ಸೋರ್ಸಿಂಗ್ ಮತ್ತು ಸಿಕ್ಯೂಆರ್‌ಎಸ್. ಅಂದರೆ ಉಳಿಕೆ ಸಂಖ್ಯೆಯನ್ನು ನಾವು ನೇರವಾಗಿ ತಿದ್ದುವುದಿಲ್ಲ. ಮಾಲು ಬಂತು, ಬುಕ್ ಆಯಿತು, ಹೊರಗೆ ಹೋಯಿತು, ವಾಪಸ್ ಬಂತು, ಹೀಗೆ ನಡೆದದ್ದನ್ನೆಲ್ಲ `events` ಟೇಬಲ್‌ನ ಕೊನೆಗೆ ಸೇರಿಸುತ್ತಾ ಹೋಗುತ್ತೇವೆ. ಆರ್ಡರ್ ಬಂದಾಗ ಬರೆಯುವ ಕಡೆಯ ಕೋಡ್ ಆ ಐಟಂನ ಈವೆಂಟ್‌ಗಳನ್ನು ಓದಿ ಕೂಡಿ ಕಳೆದು ತೀರ್ಮಾನಿಸುತ್ತದೆ. ಪರದೆಗೆ ಮಾತ್ರ ಬೇರೆ ಟೇಬಲ್, `available_stock`. ಓದೋಕೆ ಅಂತಲೇ ಇರುವ ಈ ಟೇಬಲ್ಲೇ ರೀಡ್ ಮಾಡೆಲ್. ಈವೆಂಟ್‌ಗಳನ್ನು ಸಾಲಾಗಿ ಓದಿ ಅದನ್ನು ತುಂಬಿಸುವುದು ಪ್ರೊಜೆಕ್ಟರ್ ಎನ್ನುವ ಒಂದು ಪ್ರೋಗ್ರಾಂ. ಎಲ್ಲಿವರೆಗೆ ಓದಿದೆ ಅನ್ನೋದನ್ನು ಅದು ಚೆಕ್‌ಪಾಯಿಂಟ್ ಆಗಿ ಬರೆದಿಟ್ಟುಕೊಳ್ಳುತ್ತದೆ.

ದೂರು ಬಂದದ್ದು ಮಾರಾಟದವರಿಂದ. ಪರದೆಯಲ್ಲಿ ಒಂದು ಕ್ಲಚ್ ಪ್ಲೇಟ್ ಇದೆ ಅಂತ ತೋರಿಸುತ್ತೆ, ಆರ್ಡರ್ ಹಾಕಿದರೆ ಸ್ಟಾಕ್ ಇಲ್ಲ ಅನ್ನುತ್ತೆ. ಬರೆಯುವ ಕಡೆ ಸರಿ ಇತ್ತು, ಓದುವ ಕಡೆ ತಪ್ಪಿತ್ತು. ಲಾಗ್‌ನಲ್ಲಿ ಒಂದೇ ಒಂದು ಎರರ್ ಇರಲಿಲ್ಲ. ಕೆಲವೇ ಐಟಂಗಳಲ್ಲಿ ಒಂದೋ ಎರಡೋ ವ್ಯತ್ಯಾಸ. ಇನ್ನೊಂದು ದಿಕ್ಕಿನ ತಪ್ಪೂ ಇತ್ತು. ಗೋಡೌನ್‌ನಲ್ಲಿ ಮಾಲು ಇದ್ದರೂ ಪರದೆಯಲ್ಲಿ ಸೊನ್ನೆ. ಅದರ ಬಗ್ಗೆ ಯಾರೂ ದೂರು ಕೊಡಲಿಲ್ಲ. ಇಲ್ಲ ಅಂತ ಕಂಡದ್ದನ್ನು ಯಾರು ಕೇಳ್ತಾರೆ, ಅಲ್ವಾ?

ಪುಸ್ತಕದ ಪ್ರಕಾರ ಪರಿಹಾರ ಸುಲಭ. ಟೇಬಲ್ ಖಾಲಿ ಮಾಡಿ, ಮೊದಲ ಈವೆಂಟ್‌ನಿಂದ ಮತ್ತೆ ಓಡಿಸಿ. ಹಾಗೆ ಮಾಡಿದೆವು, ಎಲ್ಲ ಸಂಖ್ಯೆಗಳೂ ಸರಿಹೋದವು. ಕೆಲವು ವಾರಗಳಲ್ಲಿ ಮತ್ತೆ ಅದೇ ಗೋಳು. ಅದೇ ಪ್ರೊಜೆಕ್ಟರ್, ಅದೇ ಈವೆಂಟ್‌ಗಳು, ಆದರೆ ಲೈವ್ ಆಗಿ ಓಡಿದರೆ ತಪ್ಪು, ಮತ್ತೆ ಓಡಿಸಿದರೆ ಸರಿ. ಲೆಕ್ಕ ಹಾಕುವ ಕೋಡ್‌ನಲ್ಲಿ ದೋಷ ಇದ್ದಿದ್ದರೆ ಎರಡೂ ಸಲ ಒಂದೇ ತಪ್ಪು ಬರಬೇಕಿತ್ತು.

ಕಾರಣ ಇದು. ಪ್ರತಿ ಈವೆಂಟ್‌ಗೆ ಸೀಕ್ವೆನ್ಸ್‌ನಿಂದ ಒಂದು `position` ಸಿಗುತ್ತದೆ. ಆ ಸಂಖ್ಯೆ ಸಿಗುವುದು ಇನ್ಸರ್ಟ್ ಆಗುವಾಗ, ಕಮಿಟ್ ಆಗುವಾಗ ಅಲ್ಲ. ಒಂದು ಟ್ರಾನ್ಸಾಕ್ಷನ್ 5001 ತೆಗೆದುಕೊಂಡು ತಡವಾಯಿತು ಅಂದುಕೊಳ್ಳಿ. ಇನ್ನೊಂದು 5002 ತೆಗೆದುಕೊಂಡು ಮೊದಲೇ ಕಮಿಟ್ ಆಯಿತು. ಆ ಕ್ಷಣದಲ್ಲಿ ಪ್ರೊಜೆಕ್ಟರ್ ಓದಿದರೆ ಅದಕ್ಕೆ ಕಾಣುವುದು 5002 ಮಾತ್ರ. ಚೆಕ್‌ಪಾಯಿಂಟ್ 5002ಕ್ಕೆ ಹೋಗುತ್ತದೆ. ಆಮೇಲೆ 5001 ಕಮಿಟ್ ಆದರೂ ಅದನ್ನು ಓದುವವರೇ ಇಲ್ಲ. ಮತ್ತೆ ಓಡಿಸುವಾಗ ಹಳೆಯದೆಲ್ಲ ಕಮಿಟ್ ಆಗಿರುತ್ತದೆ, ಹಾಗಾಗಿ ಏನೂ ತಪ್ಪುವುದಿಲ್ಲ. ಮೊದಲ ಸಲ ಟೇಬಲ್ ಖಾಲಿ ಮಾಡಿದಾಗ ಸಾಕ್ಷಿಯೂ ಜೊತೆಗೇ ಹೋಗಿತ್ತು.

ಮಧ್ಯದ ಸಂಖ್ಯೆ ಕಾಣದಿದ್ದರೆ ಸ್ವಲ್ಪ ಕಾಯೋಣ ಅಂದರೆ ಅದೂ ಆಗಲ್ಲ. ರೋಲ್‌ಬ್ಯಾಕ್ ಆದ ಟ್ರಾನ್ಸಾಕ್ಷನ್‌ಗಳೂ ಸೀಕ್ವೆನ್ಸ್‌ನಲ್ಲಿ ಖಾಲಿ ಜಾಗ ಬಿಟ್ಟುಹೋಗುತ್ತವೆ. ಯಾವುದು ಬರಲಿದೆ, ಯಾವುದು ಎಂದೂ ಬರುವುದಿಲ್ಲ ಅಂತ ಸಂಖ್ಯೆ ನೋಡಿ ಹೇಳಲಾಗದು. ಅದಕ್ಕೆ ಪ್ರತಿ ಈವೆಂಟ್‌ನಲ್ಲೂ ಟ್ರಾನ್ಸಾಕ್ಷನ್ ಸಂಖ್ಯೆಯನ್ನೂ ಇಟ್ಟೆವು. ಇನ್ನೂ ಮುಗಿಯದ ಅತಿ ಹಳೆಯ ಟ್ರಾನ್ಸಾಕ್ಷನ್‌ಗಿಂತ ಹಿಂದಿನವನ್ನು ಮಾತ್ರ ಓದುವ ಹಾಗೆ ಕ್ವೆರಿ ಬದಲಿಸಿದೆವು. ಈ ಫಂಕ್ಷನ್‌ಗಳಿಗೆ ಪೋಸ್ಟ್‌ಗ್ರೆಸ್ 13 ಅಥವಾ ನಂತರದ್ದು ಬೇಕು.

```sql
-- tx_id xid8 NOT NULL DEFAULT pg_current_xact_id()
SELECT tx_id, position, type, data
FROM events
WHERE (tx_id, position) > ($1, $2)
  AND tx_id < pg_snapshot_xmin(pg_current_snapshot())
ORDER BY tx_id, position
LIMIT 1000;
```

ಇದಕ್ಕೂ ಬೆಲೆ ಇದೆ. ಎಲ್ಲೋ ಒಂದು ಬರೆಯುವ ಟ್ರಾನ್ಸಾಕ್ಷನ್ ಹತ್ತು ನಿಮಿಷ ತೆರೆದುಕೊಂಡೇ ಇದ್ದರೆ ಪರದೆಯೂ ಹತ್ತು ನಿಮಿಷ ಹಿಂದೆ ಬೀಳುತ್ತದೆ. ದೊಡ್ಡ ಇಂಪೋರ್ಟ್ ಕೆಲಸಗಳನ್ನು ಚಿಕ್ಕ ಚಿಕ್ಕ ತುಂಡು ಮಾಡಬೇಕಾಯಿತು.

ಈಗ ಎರಡನೇ ಸಲ ಕಟ್ಟುವ ಖರ್ಚು. ಈವೆಂಟ್‌ಗಳು ಸುಮಾರು ನಾಲ್ಕು ಕೋಟಿ. ಒಂದೊಂದಕ್ಕೂ ಒಂದು ಅಪ್‌ಡೇಟ್, ಒಂದು ಕಮಿಟ್ ಅಂತ ಓಡಿಸಿದರೆ ನಮ್ಮ ಯಂತ್ರದಲ್ಲಿ ಸೆಕೆಂಡಿಗೆ ಒಂದೂವರೆ ಸಾವಿರ ದಾಟುತ್ತಿರಲಿಲ್ಲ. ಅಂದರೆ ಏಳು ಗಂಟೆಗೂ ಜಾಸ್ತಿ. ಅಷ್ಟು ಹೊತ್ತು ಖಾಲಿ ಪರದೆ ತೋರಿಸೋಕೆ ಆಗುತ್ತಾ? ಅದಕ್ಕೆ ಪಕ್ಕದಲ್ಲೇ `available_stock_v2` ಕಟ್ಟಿದೆವು, ಅದಕ್ಕೆ ಅದರದ್ದೇ ಚೆಕ್‌ಪಾಯಿಂಟ್. ಹಳೆಯದು ಓಡುತ್ತಲೇ ಇರುತ್ತದೆ, ಹೊಸದು ಅದನ್ನು ಹಿಡಿದ ಮೇಲೆ ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಎರಡರ ಹೆಸರು ಅದಲುಬದಲು. ಅಲ್ಲಿಯವರೆಗೆ ತಪ್ಪು ಸಂಖ್ಯೆಯೇ ಕಾಣುತ್ತಿರುತ್ತದೆ ಅಂತ ಮಾರಾಟದವರಿಗೆ ಮೊದಲೇ ಹೇಳಿಟ್ಟಿದ್ದೆವು. ಡಿಸ್ಕ್‌ನಲ್ಲಿ ಎರಡು ಪಟ್ಟು ಜಾಗ ಬೇಕು. ಒಂದೇ ಸಾಲು ಸಾವಿರಾರು ಸಲ ಅಪ್‌ಡೇಟ್ ಆಗುವುದರಿಂದ ಸತ್ತ ಸಾಲುಗಳು ರಾಶಿ ಬೀಳುತ್ತವೆ, ಬದಲಾವಣೆ ಲಾಗ್ ಉಬ್ಬಿ ರೆಪ್ಲಿಕಾ ಹಿಂದೆ ಉಳಿಯುತ್ತದೆ. ಲೆಕ್ಕವನ್ನೆಲ್ಲ ಮೆಮೊರಿಯಲ್ಲೇ ಮಾಡಿ ಕೊನೆಯ ಸಂಖ್ಯೆಯನ್ನು ಮಾತ್ರ `COPY`ಯಿಂದ ಬರೆದರೆ ಬಹಳ ಬೇಗ ಮುಗಿಯುತ್ತದೆ. ಆದರೆ ಅದು ಲೈವ್‌ನಲ್ಲಿ ಓಡದ ಎರಡನೇ ದಾರಿ. ಅದನ್ನೂ ಬೇರೆಯಾಗಿ ಪರೀಕ್ಷಿಸಬೇಕು, ಬೇರೆಯಾಗಿ ನೋಡಿಕೊಳ್ಳಬೇಕು.

ಸಮಯಕ್ಕಿಂತ ಹೆಚ್ಚು ತಲೆ ತಿಂದದ್ದು ಬೇರೆ. ಸ್ಟಾಕ್ ಕಡಿಮೆ ಆದರೆ ಖರೀದಿ ವಿಭಾಗಕ್ಕೆ ಎಸ್‌ಎಂಎಸ್ ಕಳಿಸುವ ಸಾಲೂ ಅದೇ ಪ್ರೊಜೆಕ್ಟರ್‌ನಲ್ಲಿತ್ತು. ಹಾಗೇ ಓಡಿಸಿದರೆ ಹಳೆಯ ವರ್ಷಗಳ ಎಚ್ಚರಿಕೆಗಳೆಲ್ಲ ಇವತ್ತು ಅವರ ಫೋನಿಗೆ ಹೋಗುತ್ತಿದ್ದವು. ಅದನ್ನು ತನ್ನದೇ ಚೆಕ್‌ಪಾಯಿಂಟ್ ಇರುವ ಬೇರೆ ಪ್ರೋಗ್ರಾಂಗೆ ಸಾಗಿಸಿದೆವು. ಅದನ್ನು ಎಂದೂ ಹಿಂದಕ್ಕೆ ಓಡಿಸುವುದಿಲ್ಲ.

ಗೋಡೌನ್ ವಲಯದ ವಿಷಯ ಇನ್ನೂ ಸೂಕ್ಷ್ಮ. ಈವೆಂಟ್‌ನಲ್ಲಿ ಇದ್ದದ್ದು ಗೋಡೌನ್ ಸಂಖ್ಯೆ ಮಾತ್ರ. ಅದು ಯಾವ ವಲಯಕ್ಕೆ ಸೇರಿದ್ದು ಅಂತ ಪ್ರೊಜೆಕ್ಟರ್ ಮಾಸ್ಟರ್ ಟೇಬಲ್‌ನಲ್ಲಿ ಆಯಾ ಹೊತ್ತಿಗೆ ನೋಡಿಕೊಳ್ಳುತ್ತಿತ್ತು. ನಡುವೆ ಕೆಲವು ಗೋಡೌನ್‌ಗಳ ವಲಯ ಬದಲಾಗಿತ್ತು. ಮತ್ತೆ ಓಡಿಸಿದಾಗ ಹಳೆಯ ರವಾನೆಗಳೂ ಹೊಸ ವಲಯದ ಲೆಕ್ಕಕ್ಕೆ ಸೇರಿದವು. ಉಳಿಕೆ ಸರಿ, ವಲಯವಾರು ವರದಿ ತಪ್ಪು. ಎಲ್ಲವೂ ಈವೆಂಟ್‌ನಲ್ಲಿದೆ ಅನ್ನೋ ಮಾತು ನಿಜ ಆಗಬೇಕಾದರೆ, ಆ ಹೊತ್ತಿನ ವಲಯವೂ ಈವೆಂಟ್‌ನೊಳಗೇ ಇರಬೇಕಿತ್ತು. ಹೊಸ ಈವೆಂಟ್‌ಗಳಲ್ಲಿ ಸೇರಿಸಿದೆವು. ಹಳೆಯವಕ್ಕೆ ಯಾವ ದಿನದಿಂದ ಯಾವ ವಲಯ ಅನ್ನೋ ಪಟ್ಟಿಯನ್ನು ಲೆಕ್ಕದವರ ಹಳೆಯ ಫೈಲ್‌ಗಳಿಂದ ಕೈಯಲ್ಲೇ ಮಾಡಬೇಕಾಯಿತು.

ಈಗ ಪೂರ್ತಿ ಕಟ್ಟುವ ಬದಲು ತಪ್ಪಿದ ಐಟಂಗಳನ್ನು ಮಾತ್ರ ಕಟ್ಟುತ್ತೇವೆ. ಪ್ರತಿ ಐಟಂನ ಈವೆಂಟ್‌ಗಳಿಗೆ 1, 2, 3 ಅಂತ ಅದರದ್ದೇ ಆವೃತ್ತಿ ಸಂಖ್ಯೆ ಇದೆ, ಇದರಲ್ಲಿ ಖಾಲಿ ಜಾಗ ಬರುವುದಿಲ್ಲ. ಕೊನೆಗೆ ಕಂಡ ಆವೃತ್ತಿಯನ್ನು ರೀಡ್ ಮಾಡೆಲ್ ಸಾಲಿನಲ್ಲೇ ಇಡುತ್ತೇವೆ. 41ರ ನಂತರ 43 ಬಂದರೆ ಪ್ರೊಜೆಕ್ಟರ್ ಆ ಐಟಂ ಅನ್ನು ಬದಿಗಿಟ್ಟು ಎಚ್ಚರಿಸುತ್ತದೆ. ಒಂದು ಐಟಂನ ಕೆಲವು ಸಾವಿರ ಈವೆಂಟ್‌ಗಳನ್ನು ಮತ್ತೆ ಓದೋಕೆ ಕಣ್ಣು ಮಿಟುಕಿಸುವಷ್ಟು ಹೊತ್ತು ಸಾಕು. ಕೊನೆಯ ಈವೆಂಟೇ ತಪ್ಪಿ ಹೋದರೆ ಮಾತ್ರ, ಆ ಐಟಂಗೆ ಮುಂದಿನದು ಬರುವವರೆಗೆ ಇದಕ್ಕೆ ಗೊತ್ತಾಗುವುದಿಲ್ಲ. ಅದಕ್ಕಾಗಿ ರಾತ್ರಿ ಒಂದು ಕೆಲಸ ಎರಡೂ ಕಡೆಯ ಕೊನೆಯ ಆವೃತ್ತಿಗಳನ್ನು ಹೋಲಿಸುತ್ತದೆ.

ಮತ್ತೆ ಕಟ್ಟಿದರೂ ಸರಿಹೋಗದೆ ಉಳಿದದ್ದು ನಮ್ಮ ಟೇಬಲ್‌ನಿಂದ ಹೊರಗೆ ಹೋದ ಪ್ರತಿಗಳು. ತಪ್ಪಿದ್ದ ಕಾಲದಲ್ಲಿ ತೆಗೆದ ಎಕ್ಸೆಲ್ ಫೈಲ್‌ಗಳು, ಡೀಲರ್‌ಗಳಿಗೆ ಹೋದ ಸ್ಟಾಕ್ ಪಟ್ಟಿಗಳು. ಯಾವುದು ಯಾರಿಗೆ ಹೋಗಿದೆ ಅನ್ನೋದಕ್ಕೆ ನಮ್ಮಲ್ಲಿ ಈವೆಂಟ್ ಇರಲಿಲ್ಲ. ಹಾಗಾಗಿ ಒಬ್ಬೊಬ್ಬರಿಗೂ ಫೋನ್ ಮಾಡಿ ಕೇಳಿದೆವು.