ಬಡ್ತಿ ಶಿಫಾರಸು ಪತ್ರದಲ್ಲಿನ ಹೋಲಿಕೆಯನ್ನು ಸರಿಪಡಿಸಿದ ಬಗೆ

ಗ್ರಾಹಕ ದೂರು ವಿಭಾಗದ ಸಹೋದ್ಯೋಗಿಯೊಬ್ಬರ ಬಡ್ತಿಗೆ ನಾನು ಬರೆದ ಶಿಫಾರಸು ಪತ್ರವನ್ನು, ಹೋಲಿಕೆಗೆ ಆಧಾರವಿಲ್ಲವೆಂದು ಸಮಿತಿಯು ಎರಡು ಬಾರಿ ಹಿಂದಿರುಗಿಸಿತು. ಮೊದಲ ಕರಡಿನಲ್ಲಿ ‘ಅತ್ಯಂತ ಪರಿಶ್ರಮಿ’ ಎಂಬಂಥ ವಿಶೇಷಣಗಳಷ್ಟೇ ಇದ್ದವು. ಎರಡನೆಯದರಲ್ಲಿ ‘ವರ್ಷಕ್ಕೆ 312 ದೂರು ಪರಿಹರಿಸಿದ್ದಾರೆ, ಉಳಿದ ನಾಲ್ವರ ಸರಾಸರಿಗಿಂತ ಶೇ. 31 ಹೆಚ್ಚು’ ಎಂದು ಬರೆದೆ, ಅದೂ ನಿಲ್ಲಲಿಲ್ಲ.

ದೋಷವಿದ್ದದ್ದು ಭಾಜಕದಲ್ಲಿ. ಉಳಿದವರ ಒಟ್ಟು ಸಂಖ್ಯೆಗಳು 288, 264, 252 ಮತ್ತು 150. ಕಡೆಯವರು ಹೆರಿಗೆ ರಜೆಯಲ್ಲಿದ್ದುದರಿಂದ ಆರೇ ತಿಂಗಳು ಕೆಲಸ ಮಾಡಿದ್ದರು, ಅಂದರೆ ತಿಂಗಳಿಗೆ 25. ಅವರನ್ನು ಹಿಂದುಳಿದವರೆಂದು ತೋರಿಸಿದ್ದು ನನ್ನ ಲೆಕ್ಕವೇ.

ಆದ್ದರಿಂದ ಮೊದಲು ಅದೇ ಹುದ್ದೆ ಮತ್ತು ಅದೇ ಬಗೆಯ ದೂರು ನೋಡುವವರನ್ನಷ್ಟೇ ಹೋಲಿಕೆಗೆ ಉಳಿಸಿಕೊಂಡಿರುವುದನ್ನು ಖಚಿತಪಡಿಸಿಕೊಂಡೆ; ಬಳಿಕ ಪ್ರತಿಯೊಬ್ಬರ ಸಂಖ್ಯೆಯನ್ನು ಕೆಲಸ ಮಾಡಿದ ತಿಂಗಳುಗಳಿಂದ ಭಾಗಿಸಿದೆ; ಕೊನೆಗೆ 21, 22, 24, 25 ಇವುಗಳ ಸರಾಸರಿಯ ಬದಲು ಮಧ್ಯಾಂಕವಾದ 23ನ್ನು ತೆಗೆದುಕೊಂಡೆ. ನಮ್ಮವರದು 26, ಹಾಗಾಗಿ ಶೇ. 31 ಇದ್ದ ಅಂತರ ಶೇ. 13ಕ್ಕೆ ಇಳಿಯಿತು.

ಆ ಇಳಿಕೆಯನ್ನು ಮುಚ್ಚಿಡಬಾರದು. ವೇಗ ಮುಖ್ಯವಲ್ಲವೆಂದು ತಿಳಿದ ಮೇಲೆಯೇ ನಾನು ಮರುತೆರೆದ ದೂರುಗಳನ್ನು ಎಣಿಸಿದ್ದು: ಇವರದು 312ರಲ್ಲಿ 12, ಅಂದರೆ ಶೇ. 4ಕ್ಕಿಂತ ಕಡಿಮೆ, ಉಳಿದವರದು ಶೇ. 6ರಿಂದ 9. ಪತ್ರದ ಮೊದಲ ವಾಕ್ಯ ಇದೇ ಆಯಿತು. ಹೋಲಿಸಿದವರ ಹೆಸರು ಬರೆಯದೆ, ಅವಧಿ ಮತ್ತು ಎಣಿಸಿದ ವಿಧಾನವನ್ನು ಒಂದು ಸಾಲಿನಲ್ಲಿ ಸೇರಿಸಿದೆ. ಮೂರನೆಯ ಬಾರಿ ಪತ್ರ ಹಿಂದಿರುಗಲಿಲ್ಲ.